ಸಂಭ್ರಮ ಮತ್ತೆ ಮತ್ತೆ ಬರಲಿ

ಮೊದಲ ತೆಂಗಿನಕಾಯಿ ಬಂದು ಗಾಜಿನ ಶೋಕೇಸಿಗೆ ಬಿದ್ದಾಗ ನಾನು ಚಕ್ಕುಲಿ ಒತ್ತುತ್ತಿದ್ದೆ. ಎರಡನೆಯದು ನನ್ನ ಕಿವಿ ಪಕ್ಕದಲ್ಲೇ ಹಾದು ಗೋಡೆಗೆ ಬಡಿದು ಒಡೆಯಿತು. ಕಾಯಿನೀರು ಮುಖಕ್ಕೆ ಚಿಮ್ಮಿತು. ಕಣ್ಣು ಒರೆಸಿಕೊಂಡು ನೋಡಿದರೆ ಬಾಗಿಲಲ್ಲಿ ಒಬ್ಬ ಗಂಡಸು, ಬಿಳಿ ಪಂಚೆ, ಬೋಳಿಸಿದ ತಲೆ. ಬಾಗಿಲ ಪಕ್ಕದಲ್ಲಿದ್ದ ನಮ್ಮ ಕಾಯಿಮೂಟೆಗೆ ಕೈ ಹಾಕಿ ಇನ್ನೊಂದು ಕಾಯಿ ಎತ್ತಿಕೊಳ್ಳುತ್ತಿದ್ದ.

ಆ ತಲೆ ನೋಡಿದ ತಕ್ಷಣ ನನಗೆ ಅರ್ಧ ಗೊತ್ತಾಯಿತು. ಸಾವಿನ ಮನೆಯಿಂದ ಬಂದವನು. ಆದರೆ ನಮ್ಮ ಮೇಲೆ ಯಾಕೆ ಎನ್ನುವ ಇನ್ನರ್ಧ ತಿಳಿಯಲಿಲ್ಲ.

ಚಾಮರಾಜಪೇಟೆಯ ಒಂದು ಅಡ್ಡರಸ್ತೆಯಲ್ಲಿ ನಾನೂ ನನ್ನ ತಮ್ಮನೂ ಸೇರಿ ನಡೆಸುವ ಅಡುಗೆ ಕಸುಬು ನಮ್ಮದು. ಮುಂದೆ ಕುರುಕಲು ತಿಂಡಿ ಅಂಗಡಿ, ಬಾಗಿಲಲ್ಲೇ ಎಣ್ಣೆ ಬಾಂಡಲೆ. ಹಿಂದೆ ಮದುವೆ, ಮುಂಜಿ, ತಿಥಿಗೆ ಎಲೆ ಊಟ ಮಾಡುವ ದೊಡ್ಡ ಒಲೆಗಳು. ತಮ್ಮನಿಗೆ ಅಡುಗೆಗಿಂತ ಫೋನು ಹೆಚ್ಚು. ಎಐ ಅನ್ನೋದನ್ನು ಅಂಗಡಿಗೆ ತಂದವನು ಅವನೇ. "ಅಕ್ಕ, ಇದಕ್ಕೆ ಕಂಪ್ಯೂಟರ್ ಓದಿರಬೇಕಾಗಿಲ್ಲ. ನನ್ ಹತ್ರ ಮಾತಾಡೋ ಹಾಗೇ ಮಾತಾಡು" ಅಂದಿದ್ದ.

ಸುಳ್ಳೇನಲ್ಲ. ಕನ್ನಡದಲ್ಲಿ ಹೇಳಿದರೆ ಸಾಮಾನಿನ ಪಟ್ಟಿ ಮಾಡಿಕೊಡುತ್ತಿತ್ತು. ಹಿಂದಿಯಲ್ಲಿ ಬಂದ ಆರ್ಡರನ್ನು ಕನ್ನಡಕ್ಕೆ ತಿರುಗಿಸುತ್ತಿತ್ತು. ಯುಗಾದಿಗೆ ಹೋಳಿಗೆಯ ಜಾಹೀರಾತು ಬರೆದುಕೊಟ್ಟಿತ್ತು. ಒಂದು ಸಲ ಹುಳಿಯನ್ನು ನೂರು ಜನಕ್ಕೆ ಲೆಕ್ಕ ಹಾಕು ಅಂದರೆ ಇಂಗನ್ನೂ ಉಪ್ಪನ್ನೂ ಅದೇ ಗುಣಾಕಾರದಲ್ಲಿ ಏರಿಸಿ ಕೂತಿತ್ತು. ಆ ಲೆಕ್ಕದಂತೆ ಹಾಕಿದ್ದರೆ ಜನ ಎಲೆ ಬಿಟ್ಟು ಎದ್ದು ಹೋಗುತ್ತಿದ್ದರು. ನಾನು ಬೈದು ಸರಿ ಮಾಡಿದೆ. ಹೊಸ ಸೊಸೆಗೆ ಹೇಳಿಕೊಟ್ಟ ಹಾಗೆ ಹೇಳಿಕೊಂಡು, ಮಾಡಿದ್ದನ್ನು ಮತ್ತೆ ನೋಡಿಕೊಂಡು, ಕೆಲಸ ತೆಗೆಯುತ್ತಿದ್ದೆ.

ತಮ್ಮನಿಗೆ ಅಷ್ಟು ಸಾಲಲಿಲ್ಲ. ಅಂಗಡಿಯ ವಾಟ್ಸಾಪಿಗೆ ಬರುವ ಆರ್ಡರಿಗೆ ಅದೇ ನೇರವಾಗಿ ಉತ್ತರ ಕೊಡಲಿ ಅಂತ ಜೋಡಿಸಿದ. ಹೇಗೆ ಬರೆಯಬೇಕು ಅಂತಲೂ ಒಮ್ಮೆಗೇ ಹೇಳಿಟ್ಟ: ಆರ್ಡರ್ ಒಪ್ಪಿಕೋ, ಖುಷಿಯಾಗಿ ಮಾತಾಡು, ಕೊನೆಯಲ್ಲಿ ಇಂಥ ಸಂಭ್ರಮ ಮತ್ತೆ ಮತ್ತೆ ಬರಲಿ ಅಂತ ಹಾರೈಸು. ಅದು ಹೇಳಿದ್ದನ್ನು ಒಂದು ದಿನವೂ ತಪ್ಪಿಸಲಿಲ್ಲ.

ಮೂರನೆಯ ಕಾಯಿ ಚಕ್ಕುಲಿ ಡಬ್ಬಗಳ ಸಾಲನ್ನೇ ಉರುಳಿಸಿತು. ಹಿಂದಿನಿಂದ ತಮ್ಮ ಕಬ್ಬಿಣದ ಸಟ್ಟುಗ ಹಿಡಿದು ಓಡಿ ಬಂದ. ಏನು ಎತ್ತ ಅಂತ ಕೇಳಲಿಲ್ಲ, ಬೀಸಿದ. ಆ ಬೋಳು ತಲೆಯ ಮೇಲೆ ಚರ್ಮ ಸೀಳಿ ರಕ್ತ ಹುಬ್ಬಿನ ತನಕ ಇಳಿಯಿತು. ಆ ಮನುಷ್ಯ ಹಿಂದೆ ಸರಿಯಲಿಲ್ಲ. ತಮ್ಮನ ಕುತ್ತಿಗೆಗೆ ಕೈ ಹಾಕಿ ಶೋಕೇಸಿನ ಮುರಿದ ಗಾಜಿನ ಮೇಲೆ ಅವನನ್ನು ಒತ್ತಿದ. ಗಾಜು ಮೊಣಕೈ ಕೊಯ್ದದ್ದು ನನಗೆ ಕಂಡಿತು. ತಮ್ಮ ಕೊಸರಿಕೊಂಡು ಬಾಂಡಲೆಗೆ ಸೌಟು ಅದ್ದಿದ. ಕಾದ ಎಣ್ಣೆ ತುಂಬಿದ ಸೌಟು ಮೇಲೆದ್ದಿತು.

ನಾನು ನನ್ನ ತಮ್ಮನ ಕೆನ್ನೆಗೆ ಬಾರಿಸಿದೆ. ಹುಟ್ಟಿದಾಗಿನಿಂದ ಅವನ ಮೇಲೆ ಕೈ ಮಾಡಿದವಳಲ್ಲ. ಸೌಟು ಕೈಜಾರಿ ಎಣ್ಣೆ ನನ್ನ ಪಾದದ ಮೇಲೆ ಬಿತ್ತು. ನಾನು ಕೂಗಿದ ಕೂಗಿಗೆ ಎದುರು ಮನೆಯವರೆಲ್ಲ ಹೊರಗೆ ಬಂದರು.

ಆಗ ಆ ಮನುಷ್ಯ ತಮ್ಮನನ್ನು ಬಿಟ್ಟು ನನ್ನ ಕಡೆ ತಿರುಗಿದ. ಸೊಂಟದಿಂದ ಫೋನು ತೆಗೆದು ನನ್ನ ಮುಖಕ್ಕೆ ಹಿಡಿದ. "ಓದ್ರೀ. ನೀವೇ ಕಳ್ಸಿದ್ದು. ಜೋರಾಗಿ ಓದಿ."

ಹಿಂದಿನ ಸಂಜೆ ಅವನು ಬರೆದಿದ್ದ: ಬುಧವಾರ ಮಧ್ಯಾಹ್ನ ಎಲೆ ಊಟ, ಮಡಿ ಅಡುಗೆ, ಹೋಳಿಗೆ, ವಡೆ, ಲಾಡು, ಗವಿಪುರಂ ಮನೆಗೆ. ಯಾವುದಕ್ಕೆ ಅಂತ ಬರೆದಿರಲಿಲ್ಲ. ನಮ್ಮಲ್ಲಿ ಯಾರು ಬರೆಯುತ್ತಾರೆ? ಹೆಂಡತಿ ಸತ್ತ ಹದಿಮೂರನೆಯ ದಿನದ ವೈಕುಂಠ ಸಮಾರಾಧನೆಗೆ ಅಂತ ಕೈಯಾರೆ ಬರೆಯೋಕೆ ಯಾರಿಗೂ ಮನಸ್ಸು ಬರುವುದಿಲ್ಲ. ಫೋನು ಮಾಡಿದ್ದರೆ ದನಿಯಲ್ಲೇ ನನಗೆ ತಿಳಿಯುತ್ತಿತ್ತು, ಮೆಲ್ಲಗೆ "ಯಾರು ಹೋದರು?" ಅಂತ ಕೇಳುತ್ತಿದ್ದೆ. ಆ ಎಐಗೆ ಕಂಡದ್ದು ಹೋಳಿಗೆ, ಲಾಡು ಮಾತ್ರ. ಸಿಹಿ ಇದ್ದ ಮೇಲೆ ಶುಭ ಅಂದುಕೊಂಡು ಕ್ಷಣದಲ್ಲಿ ಉತ್ತರ ಬರೆದಿತ್ತು: "ನಿಮ್ಮ ಶುಭ ಸಮಾರಂಭಕ್ಕೆ ಹಾರ್ದಿಕ ಅಭಿನಂದನೆಗಳು! ನಿಮ್ಮ ಮನೆಯಲ್ಲಿ ಇಂಥ ಸಂಭ್ರಮ ಮತ್ತೆ ಮತ್ತೆ ಬರಲಿ!" ಕೊನೆಗೆ ಪಟಾಕಿಯ ಚಿತ್ರ.

ಆ ಫೋನನ್ನು, ನಮ್ಮ ಫೋನನ್ನು, ಎರಡನ್ನೂ ಒರಳಲ್ಲಿ ಹಾಕಿ ಕುಟ್ಟಬೇಕು ಅನಿಸಿತು.

"ನಾವು ಬರ್ದಿದ್ದಲ್ಲ, ಅದು ತಾನಾಗೇ..." ಅಂತ ತಮ್ಮ ಶುರು ಮಾಡಿದ.

"ಬಾಯ್ಮುಚ್ಚು" ಅಂದೆ. "ನಮ್ಮ ಅಂಗಡಿ ಹೆಸರಲ್ಲಿ ಹೋದ್ಮೇಲೆ ನಾವೇ ಬರ್ದಿದ್ದು."

ಆ ಮನುಷ್ಯ ಗಾಜಿನ ಚೂರುಗಳ ನಡುವೆ ಕುಕ್ಕರಗಾಲಲ್ಲಿ ಕೂತು ಅಳತೊಡಗಿದ. "ಅವ್ಳಿಗೆ ನಿಮ್ಮ ಹೋಳಿಗೆ ಅಂದ್ರೆ ಪ್ರಾಣ. ಅದಕ್ಕೇ ನಿಮ್ಗೆ ಹೇಳಿದ್ದು" ಅಂದ. ಎದ್ದು, ರಕ್ತ ಒರೆಸಿಕೊಳ್ಳದೆ, ಹೊರಟುಹೋದ.

ಪಕ್ಕದ ಮನೆಯವರು ಪೊಲೀಸಿಗೆ ಹೇಳಿ ಅಂದರು. ಮೊಣಕೈಗೆ ಹೊಲಿಗೆ ಹಾಕಿಸಿಕೊಂಡು ಬಂದ ತಮ್ಮನೂ ಅದನ್ನೇ ಹಿಡಿದ. "ಆ ಆರ್ಡರ್ ಕ್ಯಾನ್ಸಲ್ ಅಕ್ಕ. ಅವನ ಮನೆ ಹೊಸ್ತಿಲು ನಾನು ತುಳಿಯಲ್ಲ." ನನಗೆ ಒಂದೇ ಚಿಂತೆ. ನಾವು ಕೈಬಿಟ್ಟರೆ ಬುಧವಾರಕ್ಕೆ ಮಡಿಯಲ್ಲಿ ಮನೆ ತುಂಬ ಜನಕ್ಕೆ ಮಾಡಿಕೊಡುವವರು ಅವನಿಗೆ ಸಿಗುವುದಿಲ್ಲ. ಆ ಹೆಂಗಸಿನ ಹೆಸರಲ್ಲಿ ಹಾಕುವ ಎಲೆ ಖಾಲಿ ಉಳಿಯುತ್ತದೆ. ಅದೂ ನಮ್ಮಿಂದ.

"ನೀನು ಬರ್ಬೇಡ. ನಾನು ಹೋಗ್ತೀನಿ" ಅಂದೆ.

ಅಂದು ಮಧ್ಯಾಹ್ನವೇ ತಮ್ಮನನ್ನು ಎದುರಿಗೆ ಕೂರಿಸಿ ಆ ಹಾರೈಕೆಯನ್ನು ಅಳಿಸಿಸಿದೆ. ಈಗ ಎಐ ಮೊದಲು "ಊಟ ಯಾವ ಸಂದರ್ಭಕ್ಕೆ ಅಂತ ನಮ್ಮವರು ಫೋನ್ ಮಾಡಿ ಕೇಳುತ್ತಾರೆ" ಅಂತಷ್ಟೇ ತಿಳಿಸುತ್ತದೆ. ಉಳಿದ ಉತ್ತರವನ್ನು ಬರೆದು ಇಡುತ್ತದೆ, ಕಳಿಸುವುದಿಲ್ಲ. ಓದಿ ಕಳಿಸುವವಳು ನಾನು. ಸಾಮಾನಿನ ಪಟ್ಟಿಯನ್ನು ಈಗಲೂ ಅದರ ಕೈಲೇ ಮಾಡಿಸುತ್ತೇನೆ. ಬುಧವಾರದ ಪಟ್ಟಿಯನ್ನೂ ಅದರ ಕೈಲೇ ಮಾಡಿಸಿದೆ, ಹಲ್ಲು ಕಚ್ಚಿಕೊಂಡು.

ಸುಟ್ಟ ಪಾದಕ್ಕೆ ಬಟ್ಟೆ ಸುತ್ತಿಕೊಂಡು ಗವಿಪುರಂ ಮನೆಯ ಹಿತ್ತಲಲ್ಲಿ ಹೋಳಿಗೆ ಬೇಯಿಸಿದೆ. ಒಲೆಯ ಝಳ ಪಾದಕ್ಕೆ ತಗುಲಿದಾಗಲೆಲ್ಲ ತಮ್ಮನನ್ನೂ, ಆ ಮನುಷ್ಯನನ್ನೂ, ಯಂತ್ರವನ್ನೂ ಸೇರಿಸಿ ಬೈದೆ. ಬಡಿಸುವ ಹೊತ್ತಿಗೆ ಹಿತ್ತಲ ಬಾಗಿಲಲ್ಲಿ ತಮ್ಮ ನಿಂತಿದ್ದ, ಕಟ್ಟಿದ ಕೈಯಲ್ಲೇ ತುಪ್ಪದ ಗಿಂಡಿ ಹಿಡಿದು. ನೇರ ಒಳಗೆ ಹೋದ. ತಲೆಗೆ ಪಟ್ಟಿ ಕಟ್ಟಿಕೊಂಡವನ ಎಲೆಗೆ ಬಗ್ಗಿ ತುಪ್ಪ ಹಾಕಿದ. ಇಬ್ಬರೂ ಮುಖ ನೋಡಿಕೊಳ್ಳಲಿಲ್ಲ.

ಪಾತ್ರೆ ಆಟೋಗೆ ಹಾಕಿದೆವು. ಅಂಥ ಮನೆಯಿಂದ ಹೊರಡುವಾಗ ಹೋಗಿ ಬರ್ತೀವಿ ಅನ್ನುವ ಹಾಗಿಲ್ಲ, ಸುಮ್ಮನೆ ಮೆಟ್ಟಿಲಿಳಿದೆ. ಆ ಮನುಷ್ಯ ಹಿಂದೆಯೇ ಬಂದ. ನನ್ನ ಪಾದದ ಬಟ್ಟೆಯನ್ನು ನೋಡಿದ.

"ಅಮ್ಮ, ನಿಮ್ಮ ಮೆಸೇಜಲ್ಲಿ ಒಂದು ಮಾತು ನಿಜಾನೇ ಇತ್ತು" ಅಂದ. "ಈ ದಿನ ಮತ್ತೆ ಮತ್ತೆ ಬರತ್ತೆ. ಪ್ರತಿ ವರ್ಷಾನೂ ತಿಥಿ ಅಂತ ಬರತ್ತೆ. ಆವಾಗ್ಲೂ ಅವ್ಳಿಗೆ ಹೋಳಿಗೆ ನೀವೇ ಮಾಡ್ಬೇಕು."