ಅಪ್ಪನಿಗೆ ಉಳಿದ ಒಂದೇ ಮಾತು

“ಆಮೆನ್.” ಪಾರ್ಶ್ವವಾಯು ಹೊಡೆದ ಮೇಲೆ ಅಪ್ಪ ಆಡಿದ ಮೊದಲ ಮಾತು ಅದು. ಮೈಸೂರಿನ ಆಸ್ಪತ್ರೆಯ ವಾರ್ಡಿನಲ್ಲಿ, ಪಕ್ಕದ ಹಾಸಿಗೆಯಲ್ಲಿದ್ದ ಮಗನಿಗಾಗಿ ಮುಸ್ಲಿಂ ತಾಯಿಯೊಬ್ಬರು ಅಂಗೈ ಚಾಚಿ ದುವಾ ಮಾಡಿ ‘ಆಮೀನ್’ ಎಂದಾಗ ಅಪ್ಪನ ತುಟಿ ಅಲುಗಿತ್ತು.

ಆಕೆ ಬೆರಗಾಗಿ ನನ್ನತ್ತ ತಿರುಗಿದರು. “ಏನಮ್ಮ, ನಿಮ್ಮೋರೂ ಇದೇ ಮಾತು ಅಂತಾರಾ?”

ಪಾದ್ರಿಗಳಾಗುವವರಿಗೆ ಹೀಬ್ರೂ ಕಲಿಸುತ್ತಿದ್ದ ಅಪ್ಪ ಹಿಂದೆ ಹೇಳಿದ್ದನ್ನೇ ನಾನು ಹೇಳಿದೆ. ಆಮೆನ್ ಹೀಬ್ರೂ ಮಾತು; ‘ಗಟ್ಟಿ, ನಂಬಬಹುದಾದದ್ದು’ ಎಂಬ ಅರ್ಥದ ಧಾತುವಿನಿಂದ ಹುಟ್ಟಿದ್ದು. ಗ್ರೀಕ್ ಭಾಷೆಯ ಹೊಸ ಒಡಂಬಡಿಕೆಯೂ ಲ್ಯಾಟಿನ್ ಬೈಬಲೂ ಅದನ್ನು ಅನುವಾದಿಸದೆ ಹಾಗೆಯೇ ಇಟ್ಟುಕೊಂಡವು. ಅರಬ್ಬಿಯಲ್ಲಿ ಅದು ಆಮೀನ್ ಆಯಿತು. ‘ಯಾಹನನ್ನು, ಅಂದರೆ ದೇವರನ್ನು, ಸ್ತುತಿಸಿರಿ’ ಎನ್ನುವ ಹಲ್ಲೆಲೂಯವೂ ಹಾಗೆಯೇ ನಮ್ಮ ಕನ್ನಡ ಪ್ರಾರ್ಥನೆಗೆ ಬಂತು. ಕೆಲಸ ನಿಲ್ಲಿಸುವ ದಿನವಾದ ಶಬ್ಬಾತ್ ಕನ್ನಡ ಬೈಬಲಿನಲ್ಲಿ ಸಬ್ಬತ್ ಆದರೆ, ಅರಬ್ಬಿಯಲ್ಲಿ ಶನಿವಾರದ ಹೆಸರೇ ಸಬ್ತ್.

“ಅಂಗಾದ್ರೆ ನನ್ ಮಗನ್ಗೂ ನಿಮ್ಮಪ್ಪಾಜಿ ಆಮೀನ್ ಅನ್ಲಿ ಕಣಮ್ಮ,” ಎಂದರು ಆಕೆ. ಅಂದಿನಿಂದ ಆಕೆಯ ಪ್ರತಿ ದುವಾದ ಕೊನೆಗೂ ಅಪ್ಪ ದನಿಗೂಡಿಸಿದರು.

ಆದರೂ ಹುಡುಗ ಉಳಿಯಲಿಲ್ಲ. ಅವನ ಮುಖಕ್ಕೆ ಬಟ್ಟೆ ಎಳೆದಾಗ ಆಕೆ ಕೈ ಚಾಚಿ ದುವಾ ಶುರು ಮಾಡಿದರು, ಮುಗಿಸಲಾಗಲಿಲ್ಲ. ಕೊನೆಯ ಮಾತನ್ನು ಅಪ್ಪನೇ ಹೇಳಿದರು.

ಅಪ್ಪನಿಗೆ ಬೇರೆ ಮಾತು ಮರಳಲೇ ಇಲ್ಲ. ನೋವಾ ಎಂದರೂ ಆಮೆನ್, ಕಾಫಿ ಬೇಕಾ ಎಂದರೂ ಆಮೆನ್. ದಿನವೂ ನನ್ನ ಹೆಸರು ಹೇಳಿಕೊಡುತ್ತೇನೆ. ಅದಕ್ಕೂ ಅದೇ ಉತ್ತರ.