ಹನ್ನೆರಡು ಚೀಲ ಉಸಿರಾಡಿದ್ದು

ಅಂದು ಬೆಳಿಗ್ಗೆ ಎದ್ದು ಕೊಟ್ಟಿಗೆ ಬಾಚಿದೆ, ಹಾಲು ಕರೆದೆ, ಬಾಗಿಲಿಗೆ ಸಗಣಿನೀರು ಹಾಕಿ ರಂಗೋಲೆ ಎಳೆದೆ. ಹುಣಸೆಹಣ್ಣು ಕುಟ್ಟಲು ಬರುವ ನಾಲ್ಕು ಜನ ಹೆಂಗಸರಿಗೆ ರಾಗಿ ಅಂಬಲಿ ಕಾಯಿಸಿಟ್ಟೆ. ಅವರ ಪಾಲಿನ ಹಣ್ಣನ್ನು ಅಳೆದು ಜಗುಲಿಯ ಮೇಲೆ ಸುರಿದೆ. ಅತ್ತೆಗೆ ಮಾತ್ರೆ ತೋರಿಸಿ, ಯಾವುದು ಊಟಕ್ಕೆ ಮುಂಚೆ ಯಾವುದು ಆಮೇಲೆ ಎಂದು ಎರಡು ಸಲ ಹೇಳಿದೆ. ನನಗೂ ಯಜಮಾನರಿಗೂ ಚಪಾತಿ, ಹುಚ್ಚೆಳ್ಳು ಚಟ್ನಿ ಕಟ್ಟಿಕೊಂಡೆ. ಏಳು ಗಂಟೆ ಬಸ್ಸಿಗೆ ಹೊನ್ನವಳ್ಳಿಯಿಂದ ಹೊರಟು ತಿಪಟೂರಿನಲ್ಲಿ ತುಮಕೂರಿನ ರೈಲು ಹತ್ತಿದೆವು. ಹುಣಸೆಹಣ್ಣಿಗೆ ಕೋಲ್ಡ್ ಸ್ಟೋರೇಜಿನಲ್ಲಿ ಜಾಗ ಹಿಡಿಯುವುದು ಅಂದಿನ ಕೆಲಸ.

ನಮ್ಮ ಮನೆಯಲ್ಲಿ ತೆಂಗು ಗಂಡಸರದ್ದು, ಹುಣಸೆ ಹೆಂಗಸರದ್ದು. ಹೊಲದ ಬದುವಿನ ಒಂಬತ್ತು ಮರದ ಹಣ್ಣು ನನ್ನ ಅತ್ತೆಯ ಅತ್ತೆಯ ಕಾಲದಿಂದ ಸೊಸೆಯರ ಪಾಲಿಗೆ ಬಂದಿತ್ತು. ಆ ವರ್ಷ ಮರಗಳು ಕೊಂಬೆ ಬಾಗುವಂತೆ ಬಿಟ್ಟಿದ್ದವು. ಬೀಜ, ನಾರು ತೆಗೆದರೂ ಮೂವತ್ತು ಚೀಲ ಆಗುವ ಅಂದಾಜಿತ್ತು. ಅಷ್ಟು ಹಣ್ಣಿನಲ್ಲಿ ನಾನು ಒಂದೇ ಒಂದನ್ನು ನೋಡಿಕೊಂಡಿದ್ದೆ: ಒಂದು ಹೊಸ ಅಡುಗೆಮನೆ. ಮೇಲೆ ಅಟ್ಟ ಇಲ್ಲದ ಅಡುಗೆಮನೆ.

ಯಾಕೆಂದರೆ ಹಳೆಯದರ ಮೇಲೆ ಅಟ್ಟವಿತ್ತು. ಅಟ್ಟದ ತುಂಬ ತೆಂಗಿನಕಾಯಿ. ಹನ್ನೊಂದು ತಿಂಗಳು ಕೆಳಗಿನಿಂದ ಹೊಗೆ ಉಂಡು, ಒಳಗಿನ ನೀರು ಇಂಗಿ, ಅವು ಉಂಡೆ ಕೊಬ್ಬರಿ ಆಗಬೇಕು. ನನ್ನ ಯಜಮಾನರು ಒಂದು ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿದರೆ ಇನ್ನೆಷ್ಟು ದಿನ ಬೇಕು ಎಂದು ಹೇಳಬಲ್ಲರು. ಅದಕ್ಕೆ ಬೇಕಾದ ಹೊಗೆಯನ್ನು ಒದಗಿಸುವವಳು ನಾನು. ಕೊಬ್ಬರಿ ಅವರದು, ಕೆಮ್ಮು ನನ್ನದು.

ಹಿಂದಿನ ವರ್ಷ ಹುಣಸೆಯನ್ನೂ ಅದೇ ಅಟ್ಟದ ಮೂಲೆಯಲ್ಲಿ ಇಟ್ಟಿದ್ದೆವು. ಶ್ರಾವಣ ಬರುವಷ್ಟರಲ್ಲಿ ಅದು ಗಾಡಿಯ ಕೀಲೆಣ್ಣೆಯ ಬಣ್ಣಕ್ಕೆ ತಿರುಗಿತ್ತು. ತುಮಕೂರಿನ ಹುಣಸೆ ಮಂಡಿಯಲ್ಲಿ ಗುಮಾಸ್ತನಾಗಿದ್ದ ನನ್ನ ತಮ್ಮ ಅದನ್ನು ನೋಡಿ, “ಅಕ್ಕಾ, ಇದುನ್ನ ಪಾತ್ರೆ ತಿಕ್ಕಾಕೆ ಕೊಡಬೌದು” ಅಂದಿದ್ದ. ಕೆಂಪು ಬಣ್ಣ ಕೆಡದೆ ದಸರೆ ಕಳೆಯುವವರೆಗೆ ಉಳಿದರೆ ಒಳ್ಳೆಯ ಬೆಲೆ ಇದೆ, ಅದಕ್ಕೆ ಕೋಲ್ಡ್ ಸ್ಟೋರೇಜೇ ದಾರಿ ಎಂದು ಒಂದು ಚೀಟಿ ಬರೆದುಕೊಟ್ಟಿದ್ದ. ಆ ಚೀಟಿಯನ್ನು ಕರವಸ್ತ್ರದಲ್ಲಿ ಗಂಟು ಹಾಕಿಕೊಂಡು ಹೋಗಿದ್ದೆ.

ಕೋಲ್ಡ್ ಸ್ಟೋರೇಜು ಊರಾಚೆಗಿತ್ತು. ಕಿಟಕಿ ಇಲ್ಲದ ದೊಡ್ಡ ಕಟ್ಟಡ, ಒಳಗೆಲ್ಲೋ ಮೋಟಾರಿನ ಸದ್ದು. ಯಜಮಾನರು ಸುತ್ತ ಒಂದು ಸಲ ಕಣ್ಣಾಡಿಸಿ, “ಗಾಳಿ ಹೋಗಾಕೆ ಒಂದು ಕಿಂಡಿನೂ ಮಡಗಿಲ್ವಲ್ಲೇ ಇವ್ರು” ಅಂದರು. ಆ ಮಾತನ್ನು ನಾನು ಅಲ್ಲೇ ಮನಸ್ಸಿಗೆ ತೆಗೆದುಕೊಳ್ಳಬೇಕಿತ್ತು.

ಮ್ಯಾನೇಜರು ಬಿಸಿಲಿನಲ್ಲೂ ಸ್ವೆಟರ್ ಹಾಕಿ ಕೂತಿದ್ದರು. ಒಂದು ಫಾರಂ ಎಳೆದುಕೊಂಡು, “ಮಾಲು ಏನು, ಎಷ್ಟು ಚೀಲ?” ಅಂದರು. ಅದಕ್ಕೆ ಉತ್ತರ ಸರಿಯಾಗಿಯೇ ಬಂತು.

“ಎಷ್ಟು ಡಿಗ್ರಿ ಬೇಕು?”

“ತಣ್ಣಗಿದ್ರೆ ಸಾಕು,” ಅಂದರು ಯಜಮಾನರು.

“ತಣ್ಣಗೆ ಅಂದ್ರೆ ಎಷ್ಟು ಯಜಮಾನ್ರೇ?”

“ನಮ್ಮನೆ ಗುಡಾಣದ ನೀರಿನಂಗೆ.”

ಮ್ಯಾನೇಜರು ಪೆನ್ನನ್ನು ಫಾರಮ್ಮಿನ ಮೇಲೆ ಇಟ್ಟರು. ಒಬ್ಬೊಬ್ಬರ ಮನೆ ಗುಡಾಣಕ್ಕೆ ಒಂದೊಂದು ಕೋಣೆ ಮಾಡಲಾಗುವುದಿಲ್ಲ ಎಂದು ನಿಧಾನವಾಗಿ ಬಿಡಿಸಿ ಹೇಳಿದರು. ಕೋಣೆಗೊಂದು ಡಿಗ್ರಿ. ಬಿತ್ತನೆ ಆಲೂಗಡ್ಡೆಯ ಕೋಣೆಯಲ್ಲಿ ಎರಡರಿಂದ ನಾಲ್ಕು. ಹುಣಸೆಯ ಕೋಣೆಯಲ್ಲಿ ಐದರಿಂದ ಎಂಟು. ಹುಣಸೆ ಕೋಣೆಯಲ್ಲಿ ಜಾಗ ಹೆಚ್ಚೂಕಡಿಮೆ ಮುಗಿದಿದೆ, ಆಲೂಗಡ್ಡೆ ಕೋಣೆಯಲ್ಲಿ ಬೇಕಾದಷ್ಟಿದೆ, ಬಾಗಿಲ ಪಕ್ಕದಲ್ಲೇ ಕೊಡಬಹುದು ಅಂದರು.

ಬಾಗಿಲ ಪಕ್ಕ ಎಂದದ್ದೇ ತಡ ಯಜಮಾನರ ಮುಖ ಅರಳಿತು. “ಅದೇ ಆಗ್ಲಿ ಬುಡಿ. ಹದಿನೈದು ದಿನಕ್ಕೊಂದು ಸಲ ಬಂದು ಕೈಯಾಡಿಸಿ ಹೋಗಾಕೆ ಸಲೀಸು.”

“ಯಾವುದಕ್ಕೆ ಕೈಯಾಡಿಸ್ತೀರಿ?”

“ಮಾಲಿಗೆ. ಮಗುಚಿ ಹಾಕ್ಬೇಕಲ್ಲ.”

“ಇಲ್ಲಿ ಯಾರೂ ಮಗುಚಲ್ಲ ಕಣ್ರೀ. ನೀವು ದಿನಾ ಬಂದು ಬಾಗ್ಲು ತೆಗುಸ್ತಾ ಇದ್ರೆ ಒಳಗಿನ ತಂಪೆಲ್ಲ ತುಮಕೂರಿಗೆ ಹಂಚ್ಬೇಕಾಯ್ತದೆ.”

ನಾನು ಕರವಸ್ತ್ರದ ಗಂಟು ಬಿಚ್ಚಿ ಚೀಟಿ ಓದಿದೆ. ಆಲೂಗಡ್ಡೆಯ ಜೊತೆ ಬೇಡ, ಅದಕ್ಕೆ ತೇವದ ಗಾಳಿ ಬೇಕು, ಹುಣಸೆ ಆ ತೇವ ಹೀರಿಕೊಳ್ಳುತ್ತದೆ. ಐದರಿಂದ ಎಂಟು ಡಿಗ್ರಿ. ಯುಗಾದಿಯಿಂದ ದೀಪಾವಳಿಯವರೆಗೆ. ಆರು ಚೀಲಕ್ಕಿಂತ ಎತ್ತರ ಒಟ್ಟಬಾರದು, ಅಡಿಯದು ಅಪ್ಪಚ್ಚಿಯಾಗುತ್ತದೆ. ಕೆಳಗೆ ಮರದ ಹಲಗೆ ಇರಬೇಕು, ಗೋಡೆಗೆ ತಾಗಬಾರದು, ನೀರು ತೊಟ್ಟಿಕ್ಕುವ ಪೈಪಿನ ಕೆಳಗೆ ಇಡಬಾರದು.

ಮ್ಯಾನೇಜರು ಯಜಮಾನರ ಕಡೆಯಿಂದ ಕುರ್ಚಿಯನ್ನು ಸ್ವಲ್ಪ ನನ್ನ ಕಡೆಗೆ ತಿರುಗಿಸಿದರು. “ಅಮ್ಮಾ, ಇದುನ್ನ ಮೊದ್ಲೇ ಹೇಳ್ಬಾರ್ದಿತ್ತಾ?”

“ಕೇಳಿದ್ದು ಅವ್ರುನ್ನಲ್ವಾ,” ಅಂದೆ.

ರಿಜಿಸ್ಟರು ತಿರುವಿ ನೋಡಿ, ಹುಣಸೆ ಕೋಣೆಯಲ್ಲಿ ಒಬ್ಬರು ಐವತ್ತು ಚೀಲ ಹೇಳಿ ಇಪ್ಪತ್ತು ಮಾತ್ರ ತರುತ್ತಿದ್ದಾರೆಂದು ಪತ್ತೆ ಮಾಡಿ, ಆ ಜಾಗವನ್ನು ನಮಗೆ ಬರೆದರು. ಜೊತೆಗೆ ಎರಡು ಮಾತು ಹೇಳಿದರು. ಒಂದು, ಚೀಲದ ಒಳಗೆ ಪ್ಲಾಸ್ಟಿಕ್ ಹಾಕಿ, ಬಾಯಿ ಬಿಗಿಯಾಗಿ ಕಟ್ಟಿ, ಆಮೇಲೆ ಗೋಣಿ ಹೊಲಿಯಬೇಕು. ಇನ್ನೊಂದು, ಮಾಲು ಬಿಡಿಸುವ ಎರಡು ದಿನ ಮುಂಚೆ ಹೇಳಿ ಕಳಿಸಬೇಕು. ಚೀಲಗಳನ್ನು ಮೊದಲು ಮುಂದಿನ ಕೋಣೆಗೆ ತಂದು ಚಳಿ ಬಿಡಲು ಇಡುತ್ತಾರೆ. ತಣ್ಣಗಿನ ಚೀಲವನ್ನು ಬಿಸಿ ಗಾಳಿಗೆ ತಂದ ಕೂಡಲೇ ಬಿಚ್ಚಿದರೆ ಅದು ಬೆವರುತ್ತದೆ, ಬೆವರಿದ ಹಣ್ಣು ಕಪ್ಪಾಗುತ್ತದೆ. ಲಾಟ್ ನಂಬರು ಹಾಕಿದ ರಶೀದಿಯನ್ನು ನನ್ನ ಕೈಗೇ ಕೊಟ್ಟರು. ದಾರಿಯುದ್ದಕ್ಕೂ ಯಜಮಾನರು ಆ ರಶೀದಿ ನೋಡಲಿಲ್ಲ. ಚಪಾತಿ ಮಾತ್ರ ನನ್ನ ಪಾಲಿನದನ್ನೂ ತಿಂದರು.

ಯುಗಾದಿಗೆ ನಾಲ್ಕು ದಿನ ಇರುವಾಗ ಮೂವತ್ತು ಚೀಲವೂ ತುಂಬಿದವು. ನಾನೂ ಹೆಂಗಸರೂ ಪ್ಲಾಸ್ಟಿಕ್ಕಿನ ಬಾಯಿಯನ್ನು ಸುತಲಿ ಹುರಿಯಿಂದ ಬಿಗಿದೆವು, ಯಜಮಾನರು ದಬ್ಬಳ ಹಿಡಿದು ಗೋಣಿಯ ಬಾಯಿ ಹೊಲಿದರು. ಹೊಲಿಗೆಯಲ್ಲಿ ಅವರದು ಎತ್ತಿದ ಕೈ. ನಾನು ಅಡುಗೆಗೆಂದು ಒಳಗೆ ಹೋದೆ, ಹೆಂಗಸರು ಮನೆಗೆ ಹೋದರು. ಮುದ್ದೆ ತೊಳಸಿ, ಸಾರಿಗೆ ಒಗ್ಗರಣೆ ಹಾಕಿ, “ಊಟಕ್ಕೆ ಏಳ್ರೀ” ಎಂದು ಕೂಗಿದೆ. ದಬ್ಬಳವನ್ನು ಕಿವಿಯ ಮೇಲೆ ಸಿಕ್ಕಿಸಿಕೊಂಡೇ ಬಂದು ಕೂತರು. ಊಟ ಆಗುವಷ್ಟರಲ್ಲಿ ಲಾರಿ ಬಂತು.

ಆರೇಳು ತಿಂಗಳು ಯಾರೂ ಕೈಯಾಡಿಸಲಿಲ್ಲ. ಯಜಮಾನರಿಗೆ ಅದು ಬಹಳ ಕಷ್ಟದ ಕಾಲ. ಅಟ್ಟದ ಕಾಯಿಯನ್ನು ಮಗುಚುವಾಗಲೆಲ್ಲ, “ಪಾಪ, ಅಲ್ಲಿ ಹೆಂಗೈತೋ ಏನೋ” ಅನ್ನುತ್ತಿದ್ದರು, ಹಾಸ್ಟೆಲಿನಲ್ಲಿ ಬಿಟ್ಟು ಬಂದ ಮಗುವಿನ ವಿಷಯ ಹೇಳುವ ಹಾಗೆ. ನಾನು ಅಷ್ಟರಲ್ಲಿ ಹಿತ್ತಿಲಿನಲ್ಲಿ ಹೊಸ ಅಡುಗೆಮನೆಗೆಂದು ನಾಲ್ಕು ಗೂಟ ನೆಟ್ಟು ದಾರ ಎಳೆದಿದ್ದೆ. ಗಾರೆಯವನೂ ಬಂದು ನೋಡಿ ಹೋಗಿದ್ದ. ಯಜಮಾನರು ದಾರ ದಾಟುತ್ತಾ, “ಒಲೆ ಇರೋ ಕಡೆ ಅಟ್ಟ ಇಲ್ದಿದ್ರೆ ಹೊಗೆ ದಂಡ ಕಣೇ. ಇದುರ ಮೇಲೂ ಒಂದು ಅಟ್ಟ ಹಾಕುಸ್ಬುಡಾಣ” ಅಂದರು. ನಾನು ಆಗಲಿ ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. ಹಣ್ಣು ಹೊರಗೆ ಬರಲಿ ಎಂದು ಕಾದೆ.

ದಸರೆ ಕಳೆದು ಹೇಳಿ ಕಳಿಸಿ, ಎರಡು ದಿನ ಬಿಟ್ಟು ಹೋದೆವು. ಮೂವತ್ತು ಚೀಲವೂ ಮುಂದಿನ ಕೋಣೆಯಲ್ಲಿ ಇದ್ದವು, ಮೇಲೆಲ್ಲ ನಮ್ಮ ಲಾಟ್ ನಂಬರು. ಮುಟ್ಟಿದರೆ ಚಳಿ ಬಿಟ್ಟಿತ್ತು. ಮಂಡಿಯಿಂದ ನನ್ನ ತಮ್ಮನೂ ಬಂದಿದ್ದ. ಮೊದಲ ಚೀಲ ಬಿಚ್ಚಿದರು. ಕೆಂಪಗೆ, ಮೊನ್ನೆ ಕುಟ್ಟಿ ತುಂಬಿದ ಹಾಗೆ. ಯಜಮಾನರು ಎದೆ ಮುಂದೆ ಮಾಡಿ, “ನೋಡ್ದಾ?” ಅಂದರು ನನಗೆ, ತಾವೇ ಆರು ತಿಂಗಳು ಬೀಸಣಿಗೆ ಬೀಸಿದವರ ಹಾಗೆ.

ಎರಡನೆಯದು ಬಿಚ್ಚಿದರು. ಒದ್ದೆ. ಅಂಗೈಯಗಲದ ಕಪ್ಪು ಕಲೆಗಳು ಒಂದಕ್ಕೊಂದು ಸೇರಿಕೊಂಡಿದ್ದವು. ಮೂರನೆಯದು ಕೆಂಪು. ನಾಲ್ಕನೆಯದು ಮತ್ತೆ ಕಪ್ಪು. ನನ್ನ ಕಣ್ಣ ಮುಂದೆ ಹಿತ್ತಿಲ ದಾರ ತಾನಾಗಿಯೇ ಸುತ್ತಿಕೊಳ್ಳತೊಡಗಿತು.

ಮ್ಯಾನೇಜರು ಪೈಪು ಸೋರಿತೇ ಎಂದು ತಾವೇ ಒಳಗೆ ಹೋಗಿ ನೋಡಿ ಬಂದರು. ಹಲಗೆ ಒಣಗಿತ್ತು, ಪೈಪು ಆಚೆ ಮೂಲೆಯಲ್ಲಿತ್ತು. ಆಮೇಲೆ ಒಂದು ಕಪ್ಪು ಚೀಲದ ಪ್ಲಾಸ್ಟಿಕ್ಕನ್ನು ಖಾಲಿ ಮಾಡಿಸಿ ಬೆಳಕಿಗೆ ಹಿಡಿದರು. ಜರಡಿ. ಸುತ್ತ ಸಾಲಾಗಿ, ಅಂತರ ತಪ್ಪದೆ ತೂತು. ಅಷ್ಟು ಅಚ್ಚುಕಟ್ಟಾಗಿ ಹೆಗ್ಗಣ ಕಡಿಯುವುದಿಲ್ಲ.

“ಇದುಕ್ಕೆ ದಬ್ಬಳ ಹಾಕಿದ್ಯಾರು?”

ನಾನು ಯಜಮಾನರ ಕಿವಿಯ ಕಡೆ ನೋಡಿದೆ.

“ಉಸಿರಾಡ್ಲಿ ಅಂತ,” ಅಂದರು ಅವರು. “ಬಾಯಿ ಕಟ್ಟಿದ್ರೆ ಯಾವ ಮಾಲಾದ್ರೂ ಬೂಷ್ಟು ಹಿಡೀತದೆ. ಕೊಬ್ಬರಿನ ಯಾರಾದ್ರೂ ಪ್ಲಾಸ್ಟಿಕ್ನಾಗೆ ಕಟ್ತಾರಾ?”

“ಯಜಮಾನ್ರೇ, ಇಲ್ಲಿ ಉಸಿರು ಬೇಕಾಗಿರೋದು ನಮ್ ಹಮಾಲ್ರಿಗೆ. ಹಣ್ಣಿಗಲ್ಲ. ಆರು ತಿಂಗ್ಳು ಆ ತೂತ್ನಾಗೆ ತೇವ ಕುಡ್ದೈತೆ, ಮೊನ್ನೆ ಹೊರಗೆ ತಂದಾಗ ಬೆವರೂ ಒಳಕ್ಕಿಳ್ದೈತೆ.”

ಎಲ್ಲ ಬಿಚ್ಚಿ ಬೇರೆ ಮಾಡಿದಾಗ ಕಪ್ಪು ಹನ್ನೆರಡು, ಕೆಂಪು ಹದಿನೆಂಟು. ನನ್ನ ತಮ್ಮ ಗುಮಾಸ್ತನಲ್ಲವೇ, ಲೆಕ್ಕ ಹೊಂದದಿದ್ದರೆ ಅವನಿಗೆ ಸಮಾಧಾನವಿಲ್ಲ. “ಭಾವಾ, ಹನ್ನೆರಡಕ್ಕೇ ಯಾಕೆ ನಿಲ್ಸಿದ್ರಿ?” ಅಂದ.

ಯಜಮಾನರು ನನ್ನ ಕಡೆ ಬೆರಳು ತೋರಿಸಿದರು. “ಇವ್ಳು ಊಟಕ್ಕೆ ಕರುದ್ಲು.”

ಹಾಗೆ ನನ್ನ ಮುದ್ದೆ ಹದಿನೆಂಟು ಚೀಲ ಉಳಿಸಿತು. ರೈಲಿನಲ್ಲಿ ಬರುವಾಗ ಅವರು ಬಹಳ ಹೊತ್ತು ಹೊರಗೆ ನೋಡುತ್ತಿದ್ದು, ಕೊನೆಗೆ, “ಎಲ್ಲಾದುಕ್ಕೂ ಒಂದೇ ಸಮ ಚುಚ್ಚಿದ್ರೆ ಹಿಂಗಾಗ್ತಿರ್ಲಿಲ್ವೇನೋ” ಅಂದರು. ನಾನು ಚಪಾತಿ ಗಂಟು ಬಿಚ್ಚಿ, ಈ ಸಲ ನನ್ನ ಪಾಲನ್ನು ಮೊದಲು ತೆಗೆದುಕೊಂಡೆ.

ಹದಿನೆಂಟು ಚೀಲಕ್ಕೆ ತಕ್ಕ ಅಡುಗೆಮನೆ ಎದ್ದಿತು, ದಾರಕ್ಕಿಂತ ಎರಡು ಮೊಳ ಚಿಕ್ಕದು. ಗಾರೆಯವನು ಗೋಡೆ ಎದೆಮಟ್ಟ ಬಂದಾಗ ಅಟ್ಟದ ತೊಲೆಗೆ ಎಲ್ಲಿ ಗೂಡು ಬಿಡಲಿ ಎಂದು ಕೇಳಿದ. ಯಜಮಾನರು ನನ್ನ ಮುಖ ನೋಡದೆ, “ಅಟ್ಟ ಬ್ಯಾಡ ಬುಡಪ್ಪ” ಅಂದರು.

“ಹೊಗೆ ದಂಡ ಆಗಲ್ವಾ ಗೌಡ್ರೇ?”

“ಆಗ್ಲಿ ಕಣ್ಲಾ. ನಿಂಗ್ಯಾಕೆ?”

ಆದರೆ ಹಳೆಯ ಅಟ್ಟದ ಕಾಯಿಗೆ ಹೊಗೆ ಯಾರು ಕೊಡುವುದು ಎಂಬುದನ್ನು ಇಬ್ಬರೂ ಯೋಚಿಸಿರಲಿಲ್ಲ. ಹೊಸ ಒಲೆ ಹಚ್ಚಿದ ದಿನ ಸಂಜೆ ನೋಡುತ್ತೇನೆ, ಯಜಮಾನರು ಹಳೇ ಅಡುಗೆಮನೆಯಲ್ಲಿ ಕುಕ್ಕರಗಾಲಿನಲ್ಲಿ ಕೂತು ತೆಂಗಿನ ಮಟ್ಟೆಗೆ ಬೆಂಕಿ ಹಾಕಿ ಊದುತ್ತಿದ್ದಾರೆ. ಕಣ್ಣಿನಲ್ಲಿ ನೀರು, ಮೂಗಿನಲ್ಲಿ ನೀರು.

“ಏನು ಹೊಗೆನೇ ಇದು. ಹೆಂಗೆ ಕೂತಿರ್ತಿದ್ದೆ ಇಲ್ಲಿ?” ಅಂದರು.

“ಕಾಯಿ ಉಸಿರಾಡ್ಲಿ ಬುಡ್ರೀ,” ಅಂದೆ.

ಅವರು ಕೆಮ್ಮಿದರೋ ನಕ್ಕರೋ ಹೊಗೆಯಲ್ಲಿ ಗೊತ್ತಾಗಲಿಲ್ಲ. ಅಂದು ಹೊಸ ಒಲೆಯಲ್ಲಿ ರಾಗಿಮುದ್ದೆ, ಹುರುಳಿಕಾಳು ಸಾರು. ಹುಳಿಗೆ, ಪಾತ್ರೆ ತಿಕ್ಕುವವರಿಗೆ ಮಾರಿ ಮನೆಗೆಂದು ಉಳಿಸಿಕೊಂಡ ಒಂದು ಕಪ್ಪು ಚೀಲದ ಹಣ್ಣೇ, ಅದನ್ನು ಮುಗಿಸಲು ನಮಗೆ ವರ್ಷ ಹಿಡಿಯಿತು. ಸಾರು ಕಪ್ಪಗಿತ್ತು, ರುಚಿ ಕೆಟ್ಟಿರಲಿಲ್ಲ. ಅತ್ತೆ ಅರ್ಧ ಮುದ್ದೆ ಉಂಡು ಊಟಕ್ಕೆ ಮುಂಚಿನ ಮಾತ್ರೆಯನ್ನು ಆಮೇಲೆ ನುಂಗಿದರು. ಯಜಮಾನರು ಎರಡು ಸಲ ಸಾರು ಹಾಕಿಸಿಕೊಂಡರು, ಹುಳಿಯ ಮಾತೆತ್ತಲಿಲ್ಲ, ಒದ್ದೆ ಬಟ್ಟೆ ಕಣ್ಣಿಗೆ ಇಟ್ಟುಕೊಂಡು ಎಲ್ಲರಿಗಿಂತ ಮೊದಲು ಮಲಗಿದರು.