ಇಪ್ಪತ್ತಕ್ಕೆ ಇಪ್ಪತ್ತು ಬಂದ ಬೋಧನಾ ವರ

ನಮ್ಮ ಕ್ರೈಸ್ತ ಸಭೆ ಕೂಡುವುದು ಪೀಣ್ಯದಲ್ಲಿ, ಒಂದು ಬೇರಿಂಗ್ ಅಂಗಡಿಯ ಮೇಲಿನ ಮಹಡಿಯಲ್ಲಿ. ಆ ವರ್ಷ ಸಂಡೇ ಸ್ಕೂಲಿನ ದೊಡ್ಡ ಮಕ್ಕಳ ತರಗತಿಗೆ ಟೀಚರ್ ಇರಲಿಲ್ಲ. ಆ ಟೀಚರ್ ನಾನೇ ಆಗಬೇಕೆಂದು ನನಗೆ ಹುಚ್ಚು ಆಸೆ. ಆತ್ಮಿಕ ವರಗಳ ಬಗ್ಗೆ ಸಿಕ್ಕ ವಿಡಿಯೋ ಎಲ್ಲಾ ನೋಡಿ, ಎರಡು ನೋಟ್‌ಬುಕ್ ತುಂಬಿಸಿಟ್ಟಿದ್ದೆ.

"ಪಾಸ್ಟರ್, ವರಗಳ ಪಾಠ ನಾನೇ ಮಾಡ್ತೀನಿ. ಕೊನೆಗೆ ಒಂದು ಪ್ರಶ್ನೆ ಹಾಳೆನೂ ಕೊಡ್ತೀನಿ. ಯಾರಿಗೆ ಏನ್ ವರ ಅಂತ ಗೊತ್ತಾದ್ರೆ, ಟೀಚರ್ ಯಾರು ಅಂತಾನೂ ಗೊತ್ತಾಗ್ಬಿಡುತ್ತೆ."

ಪಾಸ್ಟರ್ ನನ್ನ ನೋಟ್‌ಬುಕ್‌ಗಳನ್ನು ತಿರುವಿ ಹಾಕಿದರು. "ಮಾಡಪ್ಪ. ಎರಡನೇ ಹಾಳೆ ಮಾತ್ರ ನಾನು ಕೊಡ್ತೀನಿ."

ಎರಡನೇ ಹಾಳೆ ಏನೆಂದು ನಾನು ಕೇಳಲೇ ಇಲ್ಲ. ಅದರ ವಿಷಯ ವಿಡಿಯೋಗಳ ಕೊನೆಯಲ್ಲಿ ಇದ್ದಿರಬೇಕು, ಆ ಭಾಗವನ್ನು ನಾನು ಯಾವತ್ತೂ ನೋಡುತ್ತಿರಲಿಲ್ಲ.

ಭಾನುವಾರ ಆರಾಧನೆ ಮುಗಿದ ಮೇಲೆ ಶುರು ಮಾಡಿದೆ. ಗಿಟಾರ್ ಬಾರಿಸುವುದು ಪ್ರತಿಭೆ, ನಂಬದವರಿಗೂ ಅದು ಇರಬಹುದು. ವರ ಎಂದರೆ ಸಭೆಯನ್ನು ಕಟ್ಟುವುದಕ್ಕೆ ಪವಿತ್ರಾತ್ಮನು ವಿಶ್ವಾಸಿಗಳಿಗೆ ಕೊಡುವಂಥದ್ದು. ವರವೇ ಇಲ್ಲದ ವಿಶ್ವಾಸಿ ಇಲ್ಲ. ಇಷ್ಟನ್ನು ಇಪ್ಪತ್ತು ನಿಮಿಷ ಕೂಗಿ ಹೇಳಿ ಹಾಳೆ ಹಂಚಿದೆ. ಮೂವತ್ತೈದು ವಾಕ್ಯ, ಏಳು ವರ. ಪ್ರತಿ ವಾಕ್ಯಕ್ಕೂ ಸೊನ್ನೆಯಿಂದ ನಾಲ್ಕರವರೆಗೆ ಅಂಕ. 'ಕಷ್ಟದ ವಿಷಯವನ್ನು ಬಿಡಿಸಿ ಹೇಳುವುದು ನನಗೆ ಖುಷಿ' ಎನ್ನುವಂಥ ವಾಕ್ಯಗಳು. ಒಂದು, ಎಂಟು, ಹದಿನೈದು, ಇಪ್ಪತ್ತೆರಡು, ಇಪ್ಪತ್ತೊಂಬತ್ತು: ಈ ಐದು ವಾಕ್ಯಗಳ ಅಂಕ ಕೂಡಿದರೆ ಬೋಧನಾ ವರ. ಎರಡು, ಒಂಬತ್ತು ಹೀಗೆ ಹೋದರೆ ಕರುಣೆ. ಒಂದೊಂದು ವರಕ್ಕೂ ಗರಿಷ್ಠ ಇಪ್ಪತ್ತು.

ನನಗೆ ಬೋಧನೆಯಲ್ಲಿ ಇಪ್ಪತ್ತಕ್ಕೆ ಇಪ್ಪತ್ತು ಬಂತು. ಪ್ರಶ್ನೆ ಬರೆದವನು ನಾನೇ ಎನ್ನುವುದು ಬೇರೆ ಮಾತು.

ಸಾಫ್ಟ್‌ವೇರ್ ಕಂಪನಿಯ ಬ್ರದರ್ ಒಬ್ಬರು ಎಲ್ಲಕ್ಕೂ ನಾಲ್ಕು ಹಾಕಿದ್ದರು. ಏಳಕ್ಕೆ ಏಳು ವರವೂ ಪೂರ್ತಿ.

"ಏನ್ ಬ್ರದರ್ ಇದು?"

"ಅಪ್ರೈಸಲ್ ಅಲ್ವಾ? ನಾವು ನಾಲ್ಕು ಹಾಕಿದ್ರೆ ಮ್ಯಾನೇಜರ್ ಎರಡಕ್ಕೆ ಇಳಿಸ್ತಾರೆ. ಪಾಸ್ಟರ್ ಇಳಿಸಲ್ವಾ?"

ಲೇತ್ ಮಷೀನ್ ನಡೆಸುವ ಅಣ್ಣ ಒಬ್ಬರು ಹಿಂದಿನ ಸಾಲಿನಲ್ಲಿದ್ದರು. ಅವರ ಹಾಳೆಯ ತುಂಬಾ ಬರೀ ಒಂದು. ಎಲ್ಲಾ ವರವೂ ಐದೈದು.

"ಅಣ್ಣಾ, ಇಷ್ಟು ಕಮ್ಮಿನಾ?"

"ಚೆಕ್ ಮಾಡ್ದೆ ಪಾಸ್ ಅನ್ನಕ್ಕಾಯ್ತದಾ ತಮ್ಮಾ? ನಾನ್ ಮಾಡಿದ್ ಪೀಸ್‌ಗೆ ನಾನೇ ಓಕೆ ಸೀಲ್ ಹಾಕಂಗಿಲ್ಲ. ಇನ್ನೊಬ್ರು ಅಳೀಬೇಕು."

ಪಾಪ ಎನಿಸಿತು. ಜೊತೆಗೆ, ಪೈಪೋಟಿಗೆ ಒಬ್ಬರು ಕಮ್ಮಿಯಾದರು ಎಂದು ಒಳಗೊಳಗೇ ಸಮಾಧಾನವೂ ಆಯಿತು.

ಆಗ ಪಾಸ್ಟರ್ ಎದ್ದು ಎರಡನೇ ಹಾಳೆ ಕೊಟ್ಟರು. ಅದರಲ್ಲಿ ನಮ್ಮ ಬಗ್ಗೆ ನಾವು ಬರೆಯುವಂತಿಲ್ಲ. ಸಭೆಯಲ್ಲಿ ಯಾರಿಂದ ನನಗೆ ಏನು ಒಳ್ಳೆಯದಾಯಿತು, ಯಾವಾಗ ಆಯಿತು, ಅದನ್ನು ಬರೆಯಬೇಕು.

"ಅಂಕ ಬರೀ ಸುಳಿವು ಕಣ್ರಪ್ಪಾ. ವರ ಇದ್ರೆ ಇನ್ನೊಬ್ಬರಿಗೆ ಪ್ರಯೋಜನ ಆಗಿರುತ್ತೆ. ಆಗಿದೆಯಾ ಇಲ್ವಾ ಅಂತ ಅವರೇ ಹೇಳ್ಬೇಕು. ಆಮೇಲೆ ಒಂದು ತಿಂಗಳು ಆ ಕೆಲಸ ಮಾಡಿ ನೋಡೋದು."

ಪಾಸ್ಟರ್ ಹಾಳೆಗಳನ್ನು ಒಂದೊಂದಾಗಿ ಓದತೊಡಗಿದರು. ಗಾರ್ಮೆಂಟ್ಸ್‌ಗೆ ಹೋಗುವ ಅಕ್ಕ ಬರೆದಿದ್ದರು: "ಇವತ್ತು ಮುಂದೆ ನಿಂತವರು ಹೇಳಿದ್ದು ಒಂದೂ ಅರ್ಥ ಆಗಲಿಲ್ಲ. ಲೇತ್ ಅಣ್ಣ ಪಕ್ಕದಲ್ಲಿ ಕೂತು ಬಿಡಿಸಿ ಹೇಳಿದ ಮೇಲೆ ಅಂಕ ಕೂಡಿದೆ." ಹಾಗೆಯೇ ಇನ್ನೂ ಐದು ಹಾಳೆ. ಒಬ್ಬ ಹುಡುಗಿಗೆ ಅವರು ಪ್ರಾರ್ಥನೆ ಮಾಡುವುದು ಹೇಗೆಂದು ಮೆಟ್ಟಿಲ ಮೇಲೆ ಕೂತು ಕಲಿಸಿದ್ದರಂತೆ. ಅಣ್ಣನ ಕಿವಿ ಕೆಂಪಾಯಿತು.

ನನ್ನ ಹೆಸರಲ್ಲೂ ಒಂಬತ್ತು ಹಾಳೆ ಬಂದಿದ್ದವು. ನಾನು ನೆಟ್ಟಗೆ ಕೂತೆ. ಒಂಬತ್ತರಲ್ಲೂ ಒಂದೇ ಮಾತು: "ಮೊದಲನೇ ಸಲ ಬಂದಾಗ ವಾಪಸ್ ಹೋಗೋಣ ಅಂದ್ಕೊಂಡಿದ್ದೆ. ಇವನು ಮಾತಾಡಿಸಿ, ಟೀ ಕೊಟ್ಟು ಕೂರಿಸಿಬಿಟ್ಟ."

"ಅತಿಥಿ ಸತ್ಕಾರ," ಎಂದರು ಪಾಸ್ಟರ್. "ದೊಡ್ಡ ಮಕ್ಕಳ ತರಗತಿ ಒಂದು ತಿಂಗಳು ನಮ್ಮ ಲೇತ್ ಅಣ್ಣ ಮಾಡಿ ನೋಡ್ಲಿ."

"ಪಾಸ್ಟರ್, ನಂದು ಬೋಧನೆ ಇಪ್ಪತ್ತಿದೆ!"

ಹಿಂದಿನಿಂದ ಸಾಫ್ಟ್‌ವೇರ್ ಬ್ರದರ್ ಕೂಗಿದರು: "ಇಳಿಸ್ತಾರೆ ಅಂತ ಹೇಳಿರ್ಲಿಲ್ವಾ ಗುರು!"

ಸಭೆಯೆಲ್ಲಾ ನಕ್ಕಿತು. ನಾನು ಮಾತ್ರ ನನ್ನ ಹಾಳೆಯನ್ನು ಮಡಚಿ ಜೇಬಿಗೆ ಹಾಕಿಕೊಂಡೆ.

ಲೇತ್ ಅಣ್ಣ ನನ್ನ ಹತ್ತಿರ ಬಂದರು. "ಬೇಜಾರ್ ಮಾಡ್ಕಬ್ಯಾಡ ತಮ್ಮಾ. ನಿಂಗೆ ಇಷ್ಟ ಇದ್ರೆ ಕ್ಲಾಸ್ ನೀನೇ ತಗೋ. ನಂಗೆ ಹುಡುಗ್ರು ಮುಂದೆ ನಿಂತು ಅಭ್ಯಾಸ ಇಲ್ಲ."

ಹೂಂ ಎನ್ನಬಹುದಿತ್ತು. ಆದರೆ ಆ ಅಕ್ಕ ಇನ್ನೂ ಅವರ ಪಕ್ಕದಲ್ಲೇ ನಿಂತು ಏನೋ ಸಂದೇಹ ಕೇಳಲು ಕಾಯುತ್ತಿದ್ದರು. "ಬೇಡ ಅಣ್ಣಾ," ಎಂದೆ. "ನೀವೇ ಮಾಡಿ. ಹುಡುಗರನ್ನ ಹಿಡ್ಕೊಂಡ್ ಬಂದು ಕೂರ್ಸೋದು ನನ್ ಜವಾಬ್ದಾರಿ."

ಮುಂದಿನ ಭಾನುವಾರ ಬಂದವರನ್ನು ಒಳಗೆ ಕೂರಿಸಲು ಪಾಸ್ಟರ್ ನನ್ನನ್ನು ಬಾಗಿಲಲ್ಲಿ ನಿಲ್ಲಿಸಿದರು. ಮಾದನಾಯಕನಹಳ್ಳಿಯಿಂದ ಹೊಸಬರೊಬ್ಬರು ಬಂದಿದ್ದರು. ಅವರ ಊರು, ಕೆಲಸ, ಮಂಡಿನೋವು, ನಾಯಿಗೆ ಯಾಕೆ ಇನ್ನೂ ಹೆಸರಿಟ್ಟಿಲ್ಲ ಎನ್ನುವುದು, ಎಲ್ಲವನ್ನೂ ಮೆಟ್ಟಿಲ ಮೇಲೆ ಕೂತು ವಿಚಾರಿಸಿದೆ. ಒಳಗೆ ಅಣ್ಣನ ತರಗತಿಯಲ್ಲಿ ಹುಡುಗರು ಒಟ್ಟಿಗೆ "ಓಹೋ" ಎಂದದ್ದು ಕೇಳಿಸಿತು. ಹೊಟ್ಟೆಕಿಚ್ಚು ಪಡೋಣವೆಂದುಕೊಂಡೆ, ಆದರೆ ನಾಯಿಯ ಕಥೆ ಅರ್ಧಕ್ಕೆ ನಿಂತಿತ್ತು.

ಆರಾಧನೆ ಮುಗಿಸಿ ಪಾಸ್ಟರ್ ಹೊರಬಂದಾಗ ನಾವಿಬ್ಬರೂ ಇನ್ನೂ ಮೆಟ್ಟಿಲ ಮೇಲೆಯೇ ಕೂತಿದ್ದೆವು. ಹೊಸಬರನ್ನು ಒಳಗೆ ಕರೆದುಕೊಂಡು ಹೋಗುವುದನ್ನೇ ನಾನು ಮರೆತಿದ್ದೆ.